‘ಆ ದೇಶದ ಕೋರ್ಟು ಸತ್ತಿದೆ’ ಎಂದು ವಾದ ಶುರು ಮಾಡಬೇಡಿ

ಪ್ರಶ್ನೆ: ಎಲ್‌ಎಲ್‌ಬಿ ಮೂರನೇ ವರ್ಷ. ಮೂಟ್ ಕೋರ್ಟಿನಲ್ಲಿ, ಅಂದರೆ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ (ಐಸಿಸಿ) ಪ್ರಾಸಿಕ್ಯೂಟರ್ ಪರ ವಾದ ಮಾಡಬೇಕು. ಆರೋಪಿಯ ದೇಶಕ್ಕೆ ಕೇಸು ನಡೆಸುವ ಮನಸ್ಸೂ ಇಲ್ಲ, ಶಕ್ತಿಯೂ ಇಲ್ಲ ಅಂತ ಸಾಬೀತು ಮಾಡೋದು ಹೇಗೆ?

ಉತ್ತರ: ಸಾಬೀತು ಮಾಡಲು ಹೊರಡುವ ಮೊದಲು ಸ್ವಲ್ಪ ನಿಲ್ಲಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಸೆಮಿಫೈನಲ್‌ಗೆ ಹೋಗಿದ್ದೆ, ಸೋತು ಬಂದೆ.

ನಮ್ಮದೂ ಪ್ರಾಸಿಕ್ಯೂಟರ್ ಪಕ್ಷವೇ. ಮೂಟ್ ಪ್ರಾಬ್ಲಮ್ಮಿನಲ್ಲಿ ಅಂತರ್ಯುದ್ಧ ಮುಗಿದ ಒಂದು ಕಾಲ್ಪನಿಕ ದೇಶ. ಒಬ್ಬ ಸೇನಾಧಿಕಾರಿ ಜೈಲಿನಲ್ಲಿದ್ದಾನೆ. ಅವನ ಪಡೆ ಒಂದು ಊರಿನ ಜನರನ್ನು ಕೊಂದಿದೆ ಎಂಬುದು ಐಸಿಸಿ ಆರೋಪ. ಐಸಿಸಿಯನ್ನು ಹುಟ್ಟುಹಾಕಿದ ರೋಮ್ ಶಾಸನದ 17ನೇ ವಿಧಿಯಲ್ಲಿ ‘ಮನಸ್ಸಿಲ್ಲದ’, ‘ಶಕ್ತಿಯಿಲ್ಲದ’ ಎಂಬ ಎರಡು ಮಾತು ಕಂಡೊಡನೆ ಇಡೀ ಕೇಸು ಅಲ್ಲೇ ಇದೆ ಎಂದುಕೊಂಡೆ. ಸುಟ್ಟುಹೋದ ಕೋರ್ಟು ಕಟ್ಟಡಗಳು, ಊರು ಬಿಟ್ಟು ಓಡಿದ ನ್ಯಾಯಾಧೀಶರು, ಬೆದರಿದ ಸಾಕ್ಷಿಗಳು, ಇದನ್ನೆಲ್ಲ ಹದಿನೈದು ನಿಮಿಷ ಹೇಳಿದೆ. ನಡುವೆ ಬಾಯಿಂದ ಒಂದು ವಾಕ್ಯ ಬಂತು: ‘ಆ ದೇಶ ತನಿಖೆ ನಡೆಸಲು ಪ್ರಯತ್ನಿಸುತ್ತಿದೆ ನಿಜ, ಆದರೆ ಅದರ ಕೈಲಿ ಆಗುತ್ತಿಲ್ಲ.’

ಆ ಒಂದು ವಾಕ್ಯವೇ ನಮ್ಮನ್ನು ಮುಳುಗಿಸಿತು. ಪ್ರಾಬ್ಲಮ್ಮಿನ ಕಡತವನ್ನು ಸರಿಯಾಗಿ ಓದಿದ್ದರೆ, ಆ ಸೇನಾಧಿಕಾರಿಯ ಮೇಲೆ ಅಲ್ಲಿದ್ದದ್ದು ಆಯುಧ ಕಳ್ಳಸಾಗಣೆಯ ಕೇಸು ಮಾತ್ರ ಎಂದು ತಿಳಿಯುತ್ತಿತ್ತು. ಊರಿನ ಹತ್ಯೆಯ ಬಗ್ಗೆ ಒಂದು ಹೇಳಿಕೆಯನ್ನೂ ಯಾರೂ ದಾಖಲಿಸಿರಲಿಲ್ಲ. ಅಂದರೆ ನಮ್ಮ ಕೇಸಿನ ತನಿಖೆ ಆ ದೇಶದಲ್ಲಿ ನಡೆಯುತ್ತಲೇ ಇರಲಿಲ್ಲ. ಎರಡು ನಿಮಿಷದಲ್ಲಿ ಗೆಲ್ಲಬಹುದಾಗಿದ್ದ ಅಂಶ ಅದು. ನಾನು ‘ಪ್ರಯತ್ನಿಸುತ್ತಿದೆ’ ಎಂದು ಬಾಯಿ ಬಿಟ್ಟು ಅದನ್ನು ಎದುರಾಳಿಗೆ ಕೊಟ್ಟುಬಿಟ್ಟೆ. ಅವರ ವಕೀಲೆ ಎದ್ದು, ತನಿಖೆ ಇದೆಯೆಂದು ಪ್ರಾಸಿಕ್ಯೂಟರರೇ ಒಪ್ಪಿದ್ದಾರೆ, ಆರೋಪಿ ಸರ್ಕಾರದ ಜೈಲಿನಲ್ಲೇ ಇದ್ದಾನೆ, ಇನ್ನು ಆಗದಿರುವುದು ಏನು ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ತಪ್ಪಿದ್ದು ಎರಡು ಮೆಟ್ಟಿಲುಗಳ ಕ್ರಮದಲ್ಲಿ. ಐಸಿಸಿ ದೇಶದ ಕೋರ್ಟುಗಳ ಮೇಲಿನ ಅಪೀಲು ಕೋರ್ಟಲ್ಲ. ಅವು ಮಾಡದೆ ಬಿಟ್ಟ ಕಡೆ ಮಾತ್ರ ಅದು ಬರುತ್ತದೆ. ಪೂರಕತೆ ಎನ್ನುವುದು ಇದನ್ನೇ. ಹಾಗಾಗಿ ಮೊದಲ ಪ್ರಶ್ನೆ: ದೇಶದೊಳಗೆ ಈ ಕೇಸು ನಡೆಯುತ್ತಿದೆಯೇ, ಅಥವಾ ನಡೆದಿತ್ತೇ? ಇಲ್ಲ ಎಂದಾದರೆ ಈ ಮಟ್ಟಿಗೆ ಐಸಿಸಿಗೆ ಅಡ್ಡಿಯಿಲ್ಲ, ಮನಸ್ಸು–ಶಕ್ತಿಗಳ ಮಾತು ಏಳುವುದೇ ಇಲ್ಲ. ಹೌದು ಎಂದಾದಾಗ ಮಾತ್ರ ಎರಡನೇ ಪ್ರಶ್ನೆ: ಅದು ನಿಜವಾಗಿ ನಡೆಸುವ ಕೇಸೋ, ಕಣ್ಣೊರೆಸುವ ಕೇಸೋ? 2009ರ ಸೆಪ್ಟೆಂಬರಿನಲ್ಲಿ ಕಾಂಗೋದ ಸಶಸ್ತ್ರ ಗುಂಪಿನ ನಾಯಕ ಕಟಾಂಗನ ಪ್ರಕರಣದಲ್ಲಿ ಐಸಿಸಿಯ ಮೇಲ್ಮನವಿ ಪೀಠ ಈ ಕ್ರಮವನ್ನು ಸ್ಪಷ್ಟವಾಗಿ ಹೇಳಿದೆ. ಅಪರಾಧದ ಗಾಂಭೀರ್ಯ ಸಾಲದು ಎಂಬ ಇನ್ನೊಂದು ಆಕ್ಷೇಪವೂ ಅದೇ ವಿಧಿಯಲ್ಲಿದೆ, ನಿಮ್ಮ ಪ್ರಾಬ್ಲಮ್ಮಿನಲ್ಲಿ ಸಾವಿನ ಸಂಖ್ಯೆ ತೀರಾ ಕಡಿಮೆ ಇಲ್ಲದಿದ್ದರೆ ಅದಕ್ಕೆ ಹೆಚ್ಚು ಹೊತ್ತು ಕೊಡಬೇಡಿ.

‘ಈ ಕೇಸು’ ಎಂದರೆ ಯಾವುದು ಎಂಬುದೇ ಜಗಳದ ಮೂಲ. ಕೀನ್ಯಾವನ್ನು ನೋಡಿ. 2007ರ ಡಿಸೆಂಬರಿನ ಚುನಾವಣೆಯ ನಂತರದ ಹಿಂಸಾಚಾರಕ್ಕಾಗಿ ಆರು ಮಂದಿಗೆ ಐಸಿಸಿ ಸಮನ್ಸ್ ಹೊರಡಿಸಿತು. 2011ರ ಮಾರ್ಚ್ 31ರಂದು ಕೀನ್ಯಾ ಸರ್ಕಾರ ಆಕ್ಷೇಪ ಸಲ್ಲಿಸಿತು: ಹೊಸ ಸಂವಿಧಾನ ಬಂದಿದೆ, ನ್ಯಾಯಾಂಗ ಸುಧಾರಣೆ ಆಗುತ್ತಿದೆ, ಕೆಳಗಿನವರಿಂದ ಶುರುಮಾಡಿ ಮೇಲಿನವರವರೆಗೂ ತನಿಖೆ ಹೋಗುತ್ತದೆ. ಕೀನ್ಯಾದ ಕೋರ್ಟುಗಳು ಸತ್ತಿರಲಿಲ್ಲ, ಚೆನ್ನಾಗಿಯೇ ನಡೆಯುತ್ತಿದ್ದವು. ಆದರೂ ಅದು ಸೋತಿತು. ಅದೇ ವರ್ಷದ ಆಗಸ್ಟ್ 30ರಂದು ಮೇಲ್ಮನವಿ ಪೀಠ ಕೊಟ್ಟ ಅಳತೆಗೋಲು: ಅದೇ ವ್ಯಕ್ತಿ, ಬಹುಮಟ್ಟಿಗೆ ಅದೇ ಕೃತ್ಯ. ಈ ಆರು ಜನರನ್ನು ಯಾರು ಯಾವತ್ತು ವಿಚಾರಿಸಿದರು, ಯಾವ ಸಾಕ್ಷಿಯ ಹೇಳಿಕೆ ಪಡೆದರು ಎಂಬುದಕ್ಕೆ ಸರ್ಕಾರ ಗಟ್ಟಿಯಾದ ದಾಖಲೆ ಒದಗಿಸಲಿಲ್ಲ. ಮುಂದೆ ಮಾಡುತ್ತೇವೆ ಎಂಬ ಮಾತು ತನಿಖೆಯಲ್ಲ. ಆಕ್ಷೇಪ ಎತ್ತಿದ ದೇಶವೇ ತನಿಖೆ ಇದೆಯೆಂದು ತೋರಿಸಬೇಕು ಎಂಬುದನ್ನೂ ಇಲ್ಲೇ ಗುರುತು ಹಾಕಿಕೊಳ್ಳಿ, ನಿಮ್ಮ ಪಕ್ಷಕ್ಕೆ ಅದು ದೊಡ್ಡ ಆಸರೆ.

ಇದಕ್ಕೆ ಎದುರಾಗಿ ಲಿಬಿಯಾ. ಅಲ್ಲಿ ಯುದ್ಧ ಮುಗಿದು ಸಶಸ್ತ್ರ ಗುಂಪುಗಳ ಕಾಲ. ನನ್ನ ಹಳೆಯ ತಲೆಗೆ ಲಿಬಿಯಾ ಅಂದರೆ ‘ಶಕ್ತಿಯಿಲ್ಲ’ ಎಂಬುದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಆದರೆ ಒಂದೇ ದೇಶ, ಒಂದೇ ವರ್ಷ, ಒಂದೇ ಪೀಠ, ಇಬ್ಬರು ಆರೋಪಿಗಳಿಗೆ ಎರಡು ತೀರ್ಪು. ಗಡಾಫಿಯ ಮಗ ಸೈಫ್ ಅಲ್-ಇಸ್ಲಾಂ ವಿಷಯದಲ್ಲಿ 2013ರ ಮೇ 31ರಂದು, ಕೇಸು ಐಸಿಸಿಯಲ್ಲೇ ಇರಲಿ ಎಂದರು. ಗುಪ್ತಚರ ವಿಭಾಗದ ಮುಖ್ಯಸ್ಥನಾಗಿದ್ದ ಅಬ್ದುಲ್ಲಾ ಅಲ್-ಸನೂಸಿ ವಿಷಯದಲ್ಲಿ ಅಕ್ಟೋಬರ್ 11ರಂದು, ಲಿಬಿಯಾವೇ ನಡೆಸಲಿ ಎಂದರು. 2014ರಲ್ಲಿ ಮೇಲ್ಮನವಿ ಪೀಠ ಎರಡನ್ನೂ ಎತ್ತಿಹಿಡಿಯಿತು.

ವ್ಯತ್ಯಾಸ ಎಲ್ಲಿ? ಸೈಫ್ ಇದ್ದದ್ದು ಜಿಂತಾನ್ ಪಟ್ಟಣದ ಸಶಸ್ತ್ರ ಗುಂಪಿನ ವಶದಲ್ಲಿ. ಟ್ರಿಪೋಲಿಯ ಸರ್ಕಾರಕ್ಕೆ ಅವನನ್ನು ತನ್ನ ವಶಕ್ಕೆ ತಂದುಕೊಳ್ಳಲು ಆಗಿರಲಿಲ್ಲ. ಅವನಿಗೆ ವಕೀಲರನ್ನು ಹುಡುಕಿಕೊಡಲೂ ಆಗಿರಲಿಲ್ಲ, ಸಾಕ್ಷಿಗಳಿಗೆ ರಕ್ಷಣೆಯೂ ಇರಲಿಲ್ಲ. ಅದಕ್ಕೂ ಮೊದಲು, ಲಿಬಿಯಾ ಕೊಟ್ಟ ದಾಖಲೆಗಳಿಂದ ಅದು ತನಿಖೆ ಮಾಡುತ್ತಿರುವುದು ಐಸಿಸಿಯ ಕೇಸನ್ನೇ ಎಂದು ಪೀಠಕ್ಕೆ ಖಾತ್ರಿಯಾಗಲಿಲ್ಲ. ಅಂದರೆ ಲಿಬಿಯಾ ಮೊದಲ ಮೆಟ್ಟಿಲಲ್ಲೂ ಎಡವಿತ್ತು. ಸನೂಸಿಯನ್ನು 2012ರ ಸೆಪ್ಟೆಂಬರಿನಲ್ಲಿ ಮಾರಿಟೇನಿಯಾ ಹಸ್ತಾಂತರಿಸಿತ್ತು, ಅವನು ಸರ್ಕಾರದ ಜೈಲಿನಲ್ಲೇ ಇದ್ದ. ಅವನ ಕೃತ್ಯಗಳ ಬಗ್ಗೆ ಸಾಕ್ಷಿಗಳ ಹೇಳಿಕೆಗಳು ಕಡತದಲ್ಲಿದ್ದವು. ವಕೀಲ ಅವನಿಗೂ ಇರಲಿಲ್ಲ, ಆದರೂ ಅದೊಂದರಿಂದಲೇ ಕೇಸು ಐಸಿಸಿಗೆ ಬರುವುದಿಲ್ಲ ಎಂದರು. ಕೇಳಬೇಕಾದದ್ದು ದೇಶದ ಕೋರ್ಟುಗಳು ಒಟ್ಟಾರೆ ಹೇಗಿವೆ ಎಂದಲ್ಲ, ಈ ಆರೋಪಿಯನ್ನು, ಈ ಸಾಕ್ಷ್ಯವನ್ನು ಕೋರ್ಟಿನ ಮುಂದೆ ತರಲು ಕೋರ್ಟುಗಳ ಕುಸಿತ ಅಡ್ಡಬಂತೇ ಎಂದು.

ವಿಚಾರಣೆ ನ್ಯಾಯಯುತವಾಗಿರದಿದ್ದರೆ ಸಾಕು, ಐಸಿಸಿ ಎಳೆದುಕೊಳ್ಳುತ್ತದೆ ಎಂಬ ಭ್ರಮೆಯೂ ಬೇಡ. ಹಕ್ಕುಗಳ ಉಲ್ಲಂಘನೆ ಎಷ್ಟು ವಿಪರೀತವಾಗಿರಬೇಕೆಂದರೆ, ಆ ವಿಚಾರಣೆಯಿಂದ ಯಾವ ರೀತಿಯ ನಿಜವಾದ ನ್ಯಾಯವೂ ಹುಟ್ಟಲಾರದು ಎನ್ನುವಷ್ಟು. 2015ರ ಜುಲೈನಲ್ಲಿ ಟ್ರಿಪೋಲಿ ನ್ಯಾಯಾಲಯ ಸನೂಸಿಗೂ, ಗೈರುಹಾಜರಿಯಲ್ಲಿ ಸೈಫ್‌ಗೂ ಮರಣದಂಡನೆ ವಿಧಿಸಿತು. ನನಗೆ ಆ ಹೊಸಿಲು ತೀರಾ ಎತ್ತರ ಅನಿಸುತ್ತದೆ, ಆದರೆ ಮೂಟ್‌ನಲ್ಲಿ ನೀವು ಇರುವ ಕಾನೂನನ್ನೇ ವಾದಿಸಬೇಕು.

ಆದ್ದರಿಂದ ನೀವು ಕೇಳಿದ ಪ್ರಶ್ನೆಯನ್ನು ಈಗ ಪಕ್ಕಕ್ಕಿಡಿ. ಒಂದು ಹಾಳೆ ತೆಗೆದು ಎರಡು ಕಾಲಂ ಮಾಡಿ. ಒಂದು ಕಡೆ ಐಸಿಸಿ ವಾರಂಟಿನಲ್ಲಿರುವ ವ್ಯಕ್ತಿ, ಸ್ಥಳ, ದಿನಾಂಕ, ಕೃತ್ಯ. ಇನ್ನೊಂದು ಕಡೆ ಅದೇ ವ್ಯಕ್ತಿ, ಅದೇ ಕೃತ್ಯದ ಬಗ್ಗೆ ದೇಶದೊಳಗೆ ನಡೆದದ್ದು: ಯಾವ ಹೇಳಿಕೆ, ಯಾವ ಆದೇಶ, ಯಾವ ತಾರೀಖು. ಅಲ್ಲಿ ‘ಕೊಲೆ’ ಎಂದು ಬರೆದಿದ್ದು ಐಸಿಸಿಯಲ್ಲಿ ‘ಮಾನವತೆಯ ವಿರುದ್ಧದ ಅಪರಾಧ’ ಎಂದಿದ್ದರೆ ಅದನ್ನು ಹೊಡೆದುಹಾಕಬೇಡಿ, ಕೃತ್ಯ ಒಂದೇ ಆಗಿದ್ದರೆ ಹೆಸರು ಬೇರೆಯಾಗಿದ್ದರೂ ನಡೆಯುತ್ತದೆ. ಎರಡನೇ ಕಾಲಂ ಖಾಲಿ ಉಳಿದರೆ ವಾದವನ್ನು ಅಲ್ಲೇ ಶುರು ಮಾಡಿ. ಕೋರ್ಟು ಕುಸಿದ ಕಥೆಯನ್ನು ‘ಪೀಠ ಇದನ್ನು ತನಿಖೆ ಎಂದು ಒಪ್ಪಿದರೂ’ ಎಂಬ ಮಾತಿನ ನಂತರವೇ ಹೇಳಿ. ಆ ‘ಒಪ್ಪಿದರೂ’ ನನ್ನ ಬಾಯಲ್ಲಿ ಅವತ್ತು ಬರಲಿಲ್ಲ.