ಮೂರು ಪದರ ಬಾಯಿಪಾಠವಾದರೆ ಸಾಲದು

“ಮಾನ್ಯ ಸಂಪಾದಕರೇ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಹೊರಭಾಗವಾದ ಕಾರ್ಟೆಕ್ಸ್‌ಗೆ ಮೂರು ಪದರ. ಹೊರಗಿನಿಂದ ಒಳಕ್ಕೆ ‘ಉಪ್ಪು, ಸಕ್ಕರೆ, ಸೆಕ್ಸ್’ ಎಂದು ಹೇಳಿಕೊಟ್ಟರೆ ನೀಟ್‌ನಲ್ಲಿ ಅಂಕ ಬರುತ್ತದೆ. ಕೊಲೆಸ್ಟೆರಾಲ್‌ನಿಂದ ಶುರುವಾಗುವ ಆ ಉದ್ದನೆಯ ನಕ್ಷೆ ಅಚ್ಚು ಹಾಕಿ ಮಕ್ಕಳನ್ನು ಹೆದರಿಸುವುದೇಕೆ?”
– ಪಿಯು ಉಪನ್ಯಾಸಕ, ಪೊನ್ನಂಪೇಟೆ

ಮೇಷ್ಟ್ರೇ, ಪರೀಕ್ಷೆಗೆ ಸಮಯ ಕಡಿಮೆ, ಒಪ್ಪಿದೆ. ನಿಮ್ಮ ಸೂತ್ರವೂ ಸರಿಯೇ: ಹೊರಗಿನ ಗ್ಲೊಮೆರುಲೋಸದಲ್ಲಿ ಆಲ್ಡೋಸ್ಟಿರೋನ್, ನಡುವಿನ ಫ್ಯಾಸಿಕ್ಯುಲೇಟದಲ್ಲಿ ಕಾರ್ಟಿಸಾಲ್, ಒಳಗಿನ ರೆಟಿಕ್ಯುಲಾರಿಸ್‌ನಲ್ಲಿ ಡಿಎಚ್‌ಇಎಯಂಥ ಗಂಡು ಹಾರ್ಮೋನು ಆಂಡ್ರೊಜನ್. ಆದರೆ ಒಂದೇ ಕೊಲೆಸ್ಟೆರಾಲ್ ಮೂರು ಕಡೆ ಮೂರು ಬಗೆ ಆಗುವುದೇಕೆ ಎಂದು ಹುಡುಗಿಯೊಬ್ಬಳು ಎದ್ದು ಕೇಳಿದರೆ ಏನು ಹೇಳುತ್ತೀರಿ? ಉತ್ತರ ಇರುವುದು ಕಿಣ್ವಗಳಲ್ಲಿ. ಹೊರಪದರದಲ್ಲಿ 17-ಹೈಡ್ರಾಕ್ಸಿಲೇಸ್ ಇಲ್ಲ, ಹಾಗಾಗಿ ಅಲ್ಲಿ ಕಾರ್ಟಿಸಾಲ್ ಆಗದು. ಆಲ್ಡೋಸ್ಟಿರೋನ್ ಮಾಡುವ ಕೊನೆಯ ಕಿಣ್ವ ಇರುವುದು ಅಲ್ಲಿ ಮಾತ್ರ.

ಈಗ 21-ಹೈಡ್ರಾಕ್ಸಿಲೇಸ್ ನೋಡಿ. ಕಾರ್ಟಿಸಾಲ್‌ಗೂ ಆಲ್ಡೋಸ್ಟಿರೋನ್‌ಗೂ ಅದು ಬೇಕು, ಆಂಡ್ರೊಜನ್‌ಗೆ ಬೇಡ. ಹುಟ್ಟಿನಿಂದಲೇ ಅದು ಕೆಟ್ಟಿದ್ದರೆ ಕಾರ್ಟಿಸಾಲ್ ಸಾಲದೆ, ಅಡ್ರಿನಲ್ ಅನ್ನು ಕೆಲಸಕ್ಕೆ ಹಚ್ಚುವ ಎಸಿಟಿಎಚ್ ಹಾರ್ಮೋನನ್ನು ಪಿಟ್ಯುಟರಿ ಸುರಿಸುತ್ತಲೇ ಇರುತ್ತದೆ. ಗ್ರಂಥಿ ದಪ್ಪವಾಗುತ್ತದೆ. ತೂಬು ಮುಚ್ಚಿದ ಗದ್ದೆಯ ನೀರು ಪಕ್ಕದ ಗದ್ದೆಗೆ ನುಗ್ಗುವ ಹಾಗೆ, ತುಂಬಿಕೊಂಡ ಕಚ್ಚಾವಸ್ತು ಆಂಡ್ರೊಜನ್ ಕಡೆ ಹರಿಯುತ್ತದೆ. ಹೆಣ್ಣುಮಗುವಾದರೆ ಜನನಾಂಗದ ರೂಪ ನೋಡಿ ಹೆರಿಗೆ ಕೋಣೆಯಲ್ಲೇ ಅನುಮಾನ ಬರುತ್ತದೆ. ಗಂಡುಮಗುವಿನಲ್ಲಿ ಸಾಮಾನ್ಯವಾಗಿ ಏನೂ ಕಾಣದು. ಮನೆಗೆ ಕಳಿಸಿಬಿಡುತ್ತಾರೆ.

ಸೋಮವಾರಪೇಟೆ ಕಡೆಯ ತೋಟದ ಮನೆಯೊಂದರಲ್ಲಿ ಹೀಗೇ ಆಯಿತು. ಮಗು ಎರಡನೇ ವಾರದಲ್ಲಿ ಹಾಲು ಬಿಟ್ಟಿತು, ವಾಂತಿ ಮಾಡಿತು, ತೂಕ ಇಳಿಯಿತು. “ಹಾಲು ಹೆಚ್ಚಾಗಿದೆ, ತೇಗಿಸಿ ಮಲಗಿಸಿ” ಎಂದು ಒಂದು ಕಡೆ ಹೇಳಿ ಕಳಿಸಿದರು. ಇನ್ನೊಂದು ಕಡೆಯ ಡಾಕ್ಟರಮ್ಮ ರಕ್ತ ನೋಡಿದರು. ಸೋಡಿಯಂ ಕನಿಷ್ಠ ಇರಬೇಕಾದ 135ಕ್ಕಿಂತ ಬಹಳ ಕೆಳಗೆ, ಪೊಟ್ಯಾಸಿಯಂ ಬಹಳ ಮೇಲೆ. ಜಠರದ ಬಾಯಿ ಕಟ್ಟಿ ವಾಂತಿಯಾಗುವ ಮಗುವಿನಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಇಳಿಯುತ್ತದೆ, ಏರುವುದಿಲ್ಲ. ಉಪ್ಪು ಉಳಿಸುವ ಆಲ್ಡೋಸ್ಟಿರೋನ್ ಇಲ್ಲ ಎಂದು ಆಕೆಗೆ ಹೊಳೆದದ್ದು ಅಲ್ಲೇ. ಕೂಡಲೇ ಸಲೈನ್, ಕಾರ್ಟಿಸಾಲ್ ಬದಲಿಗೆ ಹೈಡ್ರೊಕಾರ್ಟಿಸೋನ್ ಕೊಟ್ಟರು. ಮುಚ್ಚಿದ ಕಟ್ಟೆಯ ಹಿಂದೆಯೇ ಶೇಖರವಾಗುವ 17-ಹೈಡ್ರಾಕ್ಸಿಪ್ರೊಜೆಸ್ಟಿರೋನ್ ಅಳೆಸಿದಾಗ ರೋಗ ಖಚಿತವಾಯಿತು. ಹುಡುಗ ಈಗ ಶಾಲೆಗೆ ಹೋಗುತ್ತಾನೆ. ದಿನಾ ಹೈಡ್ರೊಕಾರ್ಟಿಸೋನ್, ಆಲ್ಡೋಸ್ಟಿರೋನ್ ಬದಲಿಗೆ ಫ್ಲುಡ್ರೊಕಾರ್ಟಿಸೋನ್ ಬೇಕು. ಜ್ವರ ಬಂದ ದಿನ ಹೈಡ್ರೊಕಾರ್ಟಿಸೋನ್ ಎರಡು ಮೂರು ಪಟ್ಟು ಕೊಡಲು ತಾಯಿಗೆ ಕಲಿಸಿದ್ದಾರೆ.

ಹುಟ್ಟಿದ 48ರಿಂದ 72 ಗಂಟೆಯೊಳಗೆ ಹಿಮ್ಮಡಿಯಿಂದ ನಾಲ್ಕು ತೊಟ್ಟು ರಕ್ತ ತೆಗೆದಿದ್ದರೆ ಇದು ಮೊದಲೇ ತಿಳಿಯುತ್ತಿತ್ತು. ನಮ್ಮ ದೇಶದಲ್ಲಿ ಆ ಪರೀಕ್ಷೆ ಎಲ್ಲ ನವಜಾತ ಶಿಶುಗಳಿಗೂ ಕಡ್ಡಾಯವಿಲ್ಲ. ಮಳೆಗಾಲದಲ್ಲಿ ರಸ್ತೆ ಕುಸಿಯುವ ನಮ್ಮ ಜಿಲ್ಲೆಯಲ್ಲಿ ಎರಡನೇ ಡಾಕ್ಟರನ್ನು ಹುಡುಕಿ ಹೋಗುವುದು ಎಲ್ಲರಿಗೂ ಸಾಧ್ಯವೂ ಇಲ್ಲ. ಕೋಚಿಂಗ್‌ಗೆ ಲಕ್ಷಗಟ್ಟಲೆ ಸುರಿಯುವ ನಾವು ಇದನ್ನು ಕೇಳುವುದೇ ಇಲ್ಲವಲ್ಲ ಎಂಬ ಸಂಕಟ ನನ್ನದು. ಆ ಡಾಕ್ಟರಮ್ಮ ನಿಮ್ಮಂಥ ಮೇಷ್ಟ್ರ ಶಿಷ್ಯೆಯೇ ಅಲ್ಲವೇ?

ನಕ್ಷೆ ಮುಂದಿನ ಸಂಚಿಕೆಯಲ್ಲೂ ಬರುತ್ತದೆ. ಈ ಸಲ 17-ಹೈಡ್ರಾಕ್ಸಿಲೇಸ್ ಮೇಲೆ ಗೀಟು ಹಾಕಿ, ರಕ್ತದೊತ್ತಡ ಏರುವುದೋ ಇಳಿಯುವುದೋ ಎಂದು ತರಗತಿಯಲ್ಲಿ ಕೇಳಿ ನೋಡಿ. ಏರುತ್ತದೆ. ಕಾರಣ ಮಕ್ಕಳಿಂದಲೇ ಬರಲಿ.