ಬಾಂಡ್ ಬೆಲೆಯಿಂದ ಸ್ಪಾಟ್ ದರ, ಅದರಿಂದ ಫಾರ್ವರ್ಡ್ ದರ

ಪ್ರಶ್ನೆ: ಕೂಪನ್ ಬಾಂಡ್‌ಗಳ ಬೆಲೆ ಮಾತ್ರ ಗೊತ್ತಿದ್ದರೆ ಸ್ಪಾಟ್ ದರ ತೆಗೆಯುವುದು ಹೇಗೆ? ಎರಡನೆಯ ವರ್ಷದ ಫಾರ್ವರ್ಡ್ ದರ?

ಸ್ಪಾಟ್ ದರ ಎಂದರೆ ಇಂದು ಹೂಡಿದ ಹಣ ಅವಧಿಯ ಕೊನೆಗೆ ಒಂದೇ ಬಾರಿ ಮರಳುವಾಗ ಸಿಗುವ ವಾರ್ಷಿಕ ದರ; ಫಾರ್ವರ್ಡ್ ದರ ಎಂದರೆ ಮುಂದೆ ಶುರುವಾಗುವ ಅವಧಿಗೆ ಇಂದಿನ ಬೆಲೆಗಳಿಂದಲೇ ಹೊರಡುವ ದರ. ಚಿಕ್ಕ ಅವಧಿಯ ಬಾಂಡ್‌ನಿಂದ ಶುರುಮಾಡಿ. ಮುಖಬೆಲೆ 100 ರೂಪಾಯಿ, ಬಡ್ಡಿ, ಅಂದರೆ ಕೂಪನ್, ವರ್ಷಕ್ಕೊಮ್ಮೆ ಎಂದುಕೊಳ್ಳೋಣ. ಒಂದು ವರ್ಷದ 6% ಬಾಂಡ್ 100ಕ್ಕೆ ಸಿಕ್ಕರೆ ಮೊದಲ ಸ್ಪಾಟ್ ದರ 6%.

ಎರಡು ವರ್ಷದ 7% ಬಾಂಡ್‌ನ ಬೆಲೆಯೂ 100 ಇರಲಿ. ಅದರ ಮೊದಲ ಕೂಪನ್ 7 ರೂಪಾಯಿ ಒಂದು ವರ್ಷದ ಹಣ. ಆದ್ದರಿಂದ ಅದನ್ನು 6%ರಲ್ಲೇ ಇಂದಿನ ಮೌಲ್ಯಕ್ಕೆ ಇಳಿಸಬೇಕು. ಇಲ್ಲಿ 7% ಬಳಸುವುದೇ ಸಾಮಾನ್ಯವಾಗಿ ಆಗುವ ತಪ್ಪು.

```
7 / 1.06 = 6.604
100 − 6.604 = 93.396
107 / 93.396 = 1.14566
√1.14566 = 1.07035
```

ಎರಡು ವರ್ಷದ ಸ್ಪಾಟ್ ದರ 7.04%. ಮೂರನೆಯ ವರ್ಷಕ್ಕೂ ಇದೇ ಕ್ರಮ: ಮೊದಲಿನ ಕೂಪನ್‌ಗಳನ್ನು ಅವುಗಳದೇ ದರದಲ್ಲಿ ಇಳಿಸಿ ಬೆಲೆಯಿಂದ ಕಳೆಯಿರಿ, ಕೊನೆಯ ಪಾವತಿಯನ್ನು ಉಳಿದದ್ದರಿಂದ ಭಾಗಿಸಿ ಘನಮೂಲ ತೆಗೆಯಿರಿ.

ಫಾರ್ವರ್ಡ್ ದರಕ್ಕೆ ಒಂದೇ ಭಾಗಾಕಾರ ಸಾಕು: 1.14566 / 1.06 = 1.0808, ಅಂದರೆ 8.08%. ಎರಡು ವರ್ಷ ಒಟ್ಟಿಗೆ ಹೂಡಿದರೂ, ಒಂದು ವರ್ಷ ಹೂಡಿ ಈ ದರದಲ್ಲಿ ಮುಂದುವರಿಸಿದರೂ ಕೈಗೆ ಬರುವುದು ಅಷ್ಟೇ. ಇದನ್ನು ಮುಂದಿನ ವರ್ಷದ ಬಡ್ಡಿಯ ಭವಿಷ್ಯವಾಣಿ ಎಂದು ಓದಬೇಡಿ.

ಬೆಲೆಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ಎರಡನೆಯ ಬಾಂಡ್ 99.90 ಆದರೆ ಸ್ಪಾಟ್ ದರ 7.09%ಕ್ಕಷ್ಟೇ ಏರುತ್ತದೆ, ಫಾರ್ವರ್ಡ್ ದರ ಮಾತ್ರ 8.20%ಕ್ಕೆ ಜಿಗಿಯುತ್ತದೆ. ಹಾಗಾಗಿ ಸಂಚಿತ ಬಡ್ಡಿ ಸೇರಿದ ಪೂರ್ಣ ಬೆಲೆಯನ್ನೇ ಬಳಸಿ. ಭಾರತ ಸರ್ಕಾರದ ಬಾಂಡ್‌ಗಳು ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುವುದರಿಂದ ಅಲ್ಲಿ ಅರ್ಧ ವರ್ಷದ ಹೆಜ್ಜೆಯಲ್ಲೇ ಸಾಗಬೇಕು.