ಉಂಗುರದಿಂದ ಇಸವಿ: ಗ್ರೀನ್‌ಸ್ಟೆಡ್ ಚರ್ಚಿನ ಲೆಕ್ಕ

ಪ್ರಶ್ನೆ: ಮರದ ಉಂಗುರ ಎಣಿಸಿ ಹಳೇ ಕಟ್ಟಡದ ವಯಸ್ಸು ಹೇಳ್ತಾರಂತೆ. ಎಣಿಸಿದರೆ ಮರ ಎಷ್ಟು ವರ್ಷ ಬದುಕಿತ್ತು ಅಂತ ಗೊತ್ತಾಗಬಹುದು, ಆದರೆ ಅದನ್ನ ಯಾವ ಇಸವಿಯಲ್ಲಿ ಕಡಿದರು ಅಂತ ಹೇಗೆ ಹೇಳ್ತಾರೆ?

ಬರೀ ಎಣಿಸಿದರೆ ಗೊತ್ತಾಗುವುದಿಲ್ಲ, ನಿಮ್ಮ ಅನುಮಾನ ಸರಿಯೇ. ಅದಕ್ಕೇ ಉಂಗುರಗಳ ಅಗಲವನ್ನು ಅಳೆಯುತ್ತಾರೆ. ಮಳೆ ಚೆನ್ನಾಗಿ ಬಂದ ವರ್ಷ ಉಂಗುರ ಅಗಲ, ಬರದ ವರ್ಷ ಕಿರಿದು. ಒಂದು ಸೀಮೆಯ ಒಂದೇ ಜಾತಿಯ ಮರಗಳಲ್ಲಿ ಈ ಏರಿಳಿತ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಇಂದು ಜೀವಂತ ಇರುವ ಮರದ ಹೊರ ಉಂಗುರದ ಇಸವಿ ನಮಗೆ ಗೊತ್ತು. ಅದರ ಒಳಗಿನ ಹಳೆಯ ಉಂಗುರಗಳು ಹಿಂದಿನ ತಲೆಮಾರಿನ ಕಟ್ಟಡವೊಂದರ ತೊಲೆಯ ಹೊರ ಉಂಗುರಗಳಿಗೆ ತಾಳೆಯಾಗುತ್ತವೆ. ಆ ತೊಲೆಯ ಒಳ ಉಂಗುರಗಳು ಇನ್ನೂ ಹಳೆಯ ತೊಲೆಗೆ. ಹೀಗೆ ಕೊಂಡಿ ಹಾಕುತ್ತ ಸಾವಿರಾರು ವರ್ಷ ಹಿಂದಕ್ಕೆ ಹೋಗುವ ಸರಣಿಗಳನ್ನು ಕಟ್ಟಿದ್ದಾರೆ. ಹೊಸ ಮಾದರಿ ಸಿಕ್ಕಾಗ ಟೊಳ್ಳು ಡ್ರಿಲ್‌ನಿಂದ ಬೆರಳಿಗಿಂತ ತೆಳುವಾದ ಕಡ್ಡಿಯೊಂದನ್ನು ತೆಗೆದು, ನುಣುಪಾಗಿ ಉಜ್ಜಿ, ಸೂಕ್ಷ್ಮದರ್ಶಕದಡಿ ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳೆದು, ಸರಣಿಯಲ್ಲಿ ಅದು ಎಲ್ಲಿ ಕೂರುತ್ತದೆಂದು ಕಂಪ್ಯೂಟರಿನಲ್ಲಿ ಹುಡುಕುತ್ತಾರೆ. ಮೂವತ್ತು ನಲವತ್ತೇ ಉಂಗುರಗಳಿದ್ದರೆ ನಂಬುವಂತಿಲ್ಲ, ಅಷ್ಟು ಚಿಕ್ಕ ತುಣುಕು ಆಕಸ್ಮಿಕವಾಗಿ ಎಲ್ಲಿ ಬೇಕಾದರೂ ಹೊಂದಿಕೊಂಡುಬಿಡುತ್ತದೆ.

ನಿಜವಾದ ತೊಡಕು ಕೊನೆಯ ಉಂಗುರದ್ದು. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ ಗ್ರೀನ್‌ಸ್ಟೆಡ್ ಚರ್ಚನ್ನೇ ನೋಡಿ. ಸೀಳಿದ ಓಕ್ ದಿಮ್ಮಿಗಳನ್ನು ಸಾಲಾಗಿ ನಿಲ್ಲಿಸಿ ಕಟ್ಟಿದ ಗೋಡೆ ಅದರದು. 1960ರ ಸುಮಾರಿಗೆ ಉಂಗುರ ನೋಡಿ 845ರದ್ದು ಅಂದಿದ್ದರು. ಆಗ ಇಂಗ್ಲೆಂಡಿನ ಓಕ್‌ಗೆ ಅಷ್ಟು ಹಿಂದಕ್ಕೆ ಹೋಗುವ ಗಟ್ಟಿ ಸರಣಿ ಇನ್ನೂ ಇರಲಿಲ್ಲ. 1995ರಲ್ಲಿ ಮತ್ತೆ ಅಳೆದಾಗ ಉಳಿದಿರುವ ಕೊನೆಯ ಉಂಗುರ 1053ರದ್ದು ಎಂದು ತಿಳಿಯಿತು. ಅಂದರೆ ಚರ್ಚಿನ ವಯಸ್ಸಿನಲ್ಲಿ ಒಂದೇ ಏಟಿಗೆ ಇನ್ನೂರು ವರ್ಷ ಹೋಯಿತು.

ಹಾಗಂತ 1053ರಲ್ಲಿ ಕಡಿದರು ಅನ್ನುವಂತಿಲ್ಲ. ಚೇಗಿನ ಹೊರಗೆ, ತೊಗಟೆಯ ಕೆಳಗೆ ಇರುವ ಬಿಳಿ ಭಾಗ ಮೆತ್ತಗಿರುತ್ತದೆ, ಹುಳಕ್ಕೆ ಅದೇ ಮೊದಲ ಊಟ. ಇಲ್ಲಿ ಅದು ಉಳಿದಿರಲಿಲ್ಲ. ಅಲ್ಲಿನ ಓಕ್ ಮರಗಳಲ್ಲಿ ಈ ಭಾಗಕ್ಕೆ ಸುಮಾರು 10ರಿಂದ 55 ಉಂಗುರ ಇರುತ್ತವೆಂಬ ಲೆಕ್ಕ ಹಿಡಿದು, ಕಡಿದದ್ದು 1063ರಿಂದ 1108ರ ನಡುವೆ ಎಂದರು. ತೊಗಟೆಯ ಅಂಚು ಉಳಿದಿದ್ದರೆ ಇಸವಿ ಮಾತ್ರವಲ್ಲ, ಚಳಿಗಾಲವೋ ಬೇಸಿಗೆಯೋ ಎಂಬುದನ್ನೂ ಹೇಳಬಹುದಿತ್ತು.

ಇನ್ನೊಂದು ಮಾತು, ಇದು ಸಿಕ್ಕಾಪಟ್ಟೆ ಜನ ಮರೆಯುವಂಥದ್ದು: ಗೊತ್ತಾಗುವುದು ಮರ ಕಡಿದ ಇಸವಿ, ಕಟ್ಟಡ ಕಟ್ಟಿದ್ದಲ್ಲ. ಓಕ್ ಒಣಗಿದರೆ ಕೆತ್ತುವುದು ಕಷ್ಟ, ಹಸಿಯಾಗಿಯೇ ಬಳಸುತ್ತಿದ್ದರು, ಹಾಗಾಗಿ ಸಾಮಾನ್ಯವಾಗಿ ಎರಡಕ್ಕೂ ಹೆಚ್ಚು ಅಂತರವಿರುವುದಿಲ್ಲ. ಆದರೆ ಜಪಾನಿನ ಹೊರ್ಯೂಜಿ ದೇವಾಲಯದ ಐದಂತಸ್ತಿನ ಗೋಪುರದ ನಡುಗಂಬ 594ರಲ್ಲಿ ಕಡಿದದ್ದೆಂದು 2001ರಲ್ಲಿ ಗೊತ್ತಾಯಿತು. ಆ ದೇವಾಲಯ 670ರಲ್ಲಿ ಸುಟ್ಟುಹೋಯಿತೆಂದು ಅಲ್ಲಿನ ಹಳೆಯ ಇತಿಹಾಸಗ್ರಂಥ ಹೇಳುತ್ತದೆ, ಈಗಿರುವ ಗೋಪುರ ಆಮೇಲಿನದು. ಕಂಬವನ್ನು ಬೇರೆ ಕಟ್ಟಡದಿಂದ ತಂದರೋ, ದಶಕಗಟ್ಟಲೆ ಕೂಡಿಟ್ಟಿದ್ದರೋ ಎಂಬುದಕ್ಕೆ ಉಂಗುರ ಉತ್ತರ ಕೊಡುವುದಿಲ್ಲ.